ಕೆಲಸ ಹೋದ ಮೇಲೆ ಹೆಡ್‌ಲೈನ್‌ನಲ್ಲಿ ಏನು ಬರೆಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹನ್ನೊಂದು ವರ್ಷದಿಂದ ಐಟಿ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸ ಮಾಡುತ್ತಿದ್ದೇನೆ. ಮೊದಲು ಬೆಂಗಳೂರಿನಲ್ಲಿದ್ದೆ, ಈಗ ಹಾಸನದ ಮನೆಯಿಂದಲೇ. ಊರಿಗೆ ಬಂದ ಮೇಲೆ ಮದುವೆ ಮನೆಯಲ್ಲಿ, ಮಹಾರಾಜ ಪಾರ್ಕಿನಲ್ಲಿ, ಕೊನೆಗೆ ಹಾಲಿನ ಬೂತಿನ ಮುಂದೆ ಕೂಡ ಯಾರಾದರೊಬ್ಬರು ಫೋನ್ ತೆಗೆದು "ನನ್ನ ಲಿಂಕ್ಡ್‌ಇನ್ ಒಂದ್ಸಲ ನೋಡ್ತೀರಾ ಅಕ್ಕಾ" ಅನ್ನುತ್ತಾರೆ. ಅದರಲ್ಲೂ ಲೇಆಫ್ ಆದವರು ಜಾಸ್ತಿ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಒಂದೇ, ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗೆ ಚಿಕ್ಕಮಗಳೂರಿನ ನಮ್ಮ ಅಕ್ಕನ ಮಗಳ ಪ್ರೊಫೈಲನ್ನೇ ತೆಗೆದುಕೊಂಡಿದ್ದೇನೆ, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಐದು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವಳು, ಜೂನ್‌ನಲ್ಲಿ ಅವಳ ಟೀಮ್ ಪೂರ್ತಿ ಹೋಯಿತು.

ಹೆಡ್‌ಲೈನ್‌ನಲ್ಲಿ ಲೇಆಫ್ ಆಗಿದೆ ಅಂತ ಬರೆಯಬೇಕಾ?

ಬೇಡ. ಮುಚ್ಚಿಡಿ ಅಂತ ಹೇಳುತ್ತಿಲ್ಲ, ಅದನ್ನು ಹೇಳುವ ಜಾಗ ಅದಲ್ಲ ಅಷ್ಟೇ.

ಕೆಲಸ ಹೋದ ದಿನ ರಾತ್ರಿ ನಮ್ಮ ಹುಡುಗಿ ಹಾಕಿಕೊಂಡಿದ್ದು ಇದು. "ಚಿಕ್ಕಮ್ಮ, ಹೀಗೆ ಹಾಕಿದ್ದೀನಿ ನೋಡಿ" ಅಂತ ಹನ್ನೆರಡು ಗಂಟೆಗೆ ಸ್ಕ್ರೀನ್‌ಶಾಟ್ ಕಳಿಸಿದ್ದಳು:

```
Impacted by layoffs | Actively looking for new opportunities | Open to Work | Immediate joiner
```

ಇದರಲ್ಲಿ 94 ಅಕ್ಷರ ಇದೆ. ಅವಳು ಏನು ಕೆಲಸ ಮಾಡುತ್ತಾಳೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ಅಡುಗೆಯವರೋ, ಅಕೌಂಟೆಂಟೋ, ಟೆಸ್ಟರೋ, ಯಾರು ಬೇಕಾದರೂ ಇದನ್ನೇ ಹಾಕಿಕೊಳ್ಳಬಹುದು.

ಈಗ ನಾನು ಕೂತಿರುವ ಕಡೆಯಿಂದ ನೋಡಿ. ಒಬ್ಬ ಟೆಸ್ಟ್ ಇಂಜಿನಿಯರ್ ಬೇಕು ಅಂತ ಕಂಪನಿಯವರು ಹೇಳಿದರೆ ನಾನು ರಿಕ್ರೂಟರ್ ಸರ್ಚ್‌ನಲ್ಲಿ ಟೈಪ್ ಮಾಡುವುದು ಇಂಥದ್ದನ್ನು:

```
("test engineer" OR "QA engineer" OR SDET) AND selenium AND java
```

"ಲೇಆಫ್ ಆದವರು ಯಾರಿದ್ದೀರಿ" ಅಂತ ನಾನು ಹುಡುಕುವುದಿಲ್ಲ. ಕೆಲಸದ ಹೆಸರು, ಬೇಕಾದ ಟೂಲು, ಊರು, ಎಷ್ಟು ವರ್ಷದ ಅನುಭವ, ಇಷ್ಟು ಹಾಕಿದರೆ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಒಬ್ಬೊಬ್ಬರಿಗೂ ಒಂದು ಫೋಟೋ, ಹೆಸರು, ಕೆಳಗೆ ಹೆಡ್‌ಲೈನ್, ಊರು, ಕೆಲಸ ಮಾಡಿದ ಕಂಪನಿ ಕಾಣುತ್ತದೆ. ಒಬ್ಬರ ಮೇಲೆ ಎರಡು ಮೂರು ಸೆಕೆಂಡ್ ಕಣ್ಣು ನಿಂತರೆ ಅದೇ ದೊಡ್ಡದು. ಆ ಹೊತ್ತಿನಲ್ಲಿ ನನಗೆ ಬೇಕಾಗಿರುವುದು ಇವರು ನಾನು ಹುಡುಕುತ್ತಿರುವ ಕೆಲಸದವರೇ ಹೌದಾ ಅಲ್ವಾ ಅನ್ನುವ ಒಂದೇ ಉತ್ತರ. ನಿಮಗೆ ಏನಾಯಿತು ಅನ್ನುವುದನ್ನು ಆಮೇಲೆ ಓದುತ್ತೇನೆ, ಖಂಡಿತ ಓದುತ್ತೇನೆ, ಆದರೆ ಮೊದಲು ಒಳಗೆ ಬರಬೇಕಲ್ಲ.

ಬೆಳಿಗ್ಗೆ ಇಬ್ಬರೂ ಫೋನಿನಲ್ಲಿ ಕೂತು ಬದಲಿಸಿದ್ದು ಹೀಗೆ:

```
Senior Test Engineer | Selenium, Java, API Testing | Payments | Available immediately
```

85 ಅಕ್ಷರ. ಲಿಂಕ್ಡ್‌ಇನ್ 220 ಅಕ್ಷರದವರೆಗೆ ಬಿಡುತ್ತದೆ, ಆದರೆ ಅಷ್ಟನ್ನೂ ತುಂಬಲೇಬೇಕು ಅಂತೇನಿಲ್ಲ. ಮೊಬೈಲಿನಲ್ಲಿ ಮತ್ತು ಪಟ್ಟಿಗಳಲ್ಲಿ ಮುಂದಿನ ಭಾಗ ಮಾತ್ರ ಕಂಡು ಉಳಿದದ್ದು ಕತ್ತರಿಸಿ ಹೋಗುತ್ತದೆ. ಅದಕ್ಕೇ ಕೆಲಸದ ಹೆಸರು ಮೊದಲು, ಟೂಲು ಆಮೇಲೆ, ಯಾವ ಕ್ಷೇತ್ರ ಅನ್ನುವುದು ಅದರ ನಂತರ, ತಕ್ಷಣ ಸೇರಬಲ್ಲೆ ಅನ್ನುವುದು ಕೊನೆಗೆ. ಕತ್ತರಿಸಿದರೆ ಕೊನೆಯದ್ದೇ ಹೋಗಲಿ, ಅದನ್ನು ಹೇಳಲು ಬೇರೆ ಜಾಗ ಇದೆ.

"ಸೀನಿಯರ್ ಟೆಸ್ಟ್ ಇಂಜಿನಿಯರ್" ಅನ್ನುವುದು ಅವಳ ಕಂಪನಿ ಕೊಟ್ಟ ಹೆಸರಲ್ಲ. ಅಲ್ಲಿ ಅವಳಿಗೆ "ಕ್ವಾಲಿಟಿ ಚಾಂಪಿಯನ್ ಗ್ರೇಡ್ 2" ಅಂತಲೋ ಏನೋ ಒಂದು ವಿಚಿತ್ರ ಹೆಸರಿತ್ತು. ಅದನ್ನು ಯಾರೂ ಟೈಪ್ ಮಾಡಿ ಹುಡುಕುವುದಿಲ್ಲ. ಹೆಡ್‌ಲೈನ್‌ನಲ್ಲಿ ಊರಿಗೆಲ್ಲ ಗೊತ್ತಿರುವ ಹೆಸರು ಹಾಕಿ, ಅನುಭವದ ಭಾಗದಲ್ಲಿ ಮಾತ್ರ ಆಫರ್ ಲೆಟರ್‌ನಲ್ಲಿ ಇರುವ ಹೆಸರೇ ಇರಲಿ, ಏಕೆಂದರೆ ಬ್ಯಾಕ್‌ಗ್ರೌಂಡ್ ಚೆಕ್‌ನವರು ಹೋಲಿಸುವುದು ಅದನ್ನು.

ಏನೂ ಬದಲಿಸದೆ ಹಳೇ ಹೆಡ್‌ಲೈನ್ ಹಾಗೇ ಬಿಟ್ಟರೆ?

"ಇಂಥ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್" ಅಂತ ಇದೆ ತಾನೆ? ಕಂಪನಿಯಲ್ಲಿ ನಿಮ್ಮ ಕಡೆಯ ದಿನದವರೆಗೆ ಇರಲಿ. ಕೆಲವರಿಗೆ ಇವತ್ತು ಹೇಳಿ ಎರಡು ತಿಂಗಳು ಸಂಬಳ ಕೊಟ್ಟು ಪಟ್ಟಿಯಲ್ಲಿ ಇಟ್ಟುಕೊಂಡಿರುತ್ತಾರೆ, ಅಲ್ಲಿಯವರೆಗೂ ನೀವು ಕಾಗದದ ಮೇಲೆ ನೌಕರರೇ. ಆ ದಿನ ದಾಟಿದ ಮೇಲೆ ಕಂಪನಿ ಹೆಸರು ಹೆಡ್‌ಲೈನಿನಿಂದ ತೆಗೆಯಿರಿ. ನೀವಾಗಿ ಎಡಿಟ್ ಮಾಡದಿದ್ದರೆ ಅದು ವರ್ಷಗಟ್ಟಲೆ ಅಲ್ಲೇ ಕೂತಿರುತ್ತದೆ.

ಅನುಭವದ ಭಾಗದಲ್ಲಿ ಮುಗಿದ ತಾರೀಕು ಹಾಕದೆ "ಪ್ರೆಸೆಂಟ್" ಅಂತಲೇ ಬಿಡಬಹುದಾ? ಈಗ ಕೆಲಸದಲ್ಲಿ ಇರುವವರನ್ನೇ ಹುಡುಕುತ್ತಾರಂತೆ.

ಈ ಮಾತಿನಲ್ಲಿ ಅರ್ಧ ನಿಜ ಇದೆ. ನಮ್ಮ ಸರ್ಚ್‌ನಲ್ಲಿ ಕೆಲಸದ ಹೆಸರು ಹಾಕುವಾಗ ಈಗಿನ ಹುದ್ದೆ ಮಾತ್ರ ನೋಡು, ಹಿಂದಿನದೂ ನೋಡು ಅಂತ ಆರಿಸಿಕೊಳ್ಳಬಹುದು. ಈಗಿನದು ಮಾತ್ರ ಅಂತ ಆರಿಸುವವರೂ ಇದ್ದಾರೆ. ಅಂಥವರ ಪಟ್ಟಿಯಿಂದ ತಾರೀಕು ಹಾಕಿದ ಕೂಡಲೇ ನೀವು ಬಿದ್ದುಹೋಗುತ್ತೀರಿ.

ಆದರೂ ಹಾಕಿ. ಕಾರಣ ನೀತಿಪಾಠ ಅಲ್ಲ, ಪಿಎಫ್. ನಿಮ್ಮ ಯುಎಎನ್ ಖಾತೆಯ ಸರ್ವಿಸ್ ಹಿಸ್ಟರಿಯಲ್ಲಿ ಕೆಲಸ ಬಿಟ್ಟ ತಾರೀಕು ದಾಖಲಾಗುತ್ತದೆ, ರಿಲೀವಿಂಗ್ ಲೆಟರ್‌ನಲ್ಲೂ ಅದೇ ಇರುತ್ತದೆ. ಹೊಸ ಕಂಪನಿಯವರು ಇವೆರಡನ್ನೂ ಕೇಳುತ್ತಾರೆ. ಜೂನ್‌ನಲ್ಲಿ ಬಿಟ್ಟವರು ಸೆಪ್ಟೆಂಬರ್‌ನಲ್ಲೂ "ಪ್ರೆಸೆಂಟ್" ಅಂತ ತೋರಿಸಿ, ಇಂಟರ್‌ವ್ಯೂನಲ್ಲಿ ಅದನ್ನೇ ಹೇಳಿ, ಆಫರ್ ಕೈಗೆ ಬಂದ ಮೇಲೆ ಚೆಕ್‌ನಲ್ಲಿ ಸಿಕ್ಕಿಬಿದ್ದದ್ದನ್ನು ನಾನೇ ಕಂಡಿದ್ದೇನೆ. ಲೇಆಫ್ ಆಗಿದ್ದು ಅಲ್ಲಿ ಯಾರಿಗೂ ಸಮಸ್ಯೆ ಆಗಿರಲಿಲ್ಲ, ಸುಳ್ಳು ತಾರೀಕು ಸಮಸ್ಯೆ ಆಯಿತು.

ಕಳೆದುಹೋದ ಆ ಪಟ್ಟಿಯನ್ನು ಹೆಡ್‌ಲೈನ್ ಸ್ವಲ್ಪ ಮಟ್ಟಿಗೆ ವಾಪಸ್ ತಂದುಕೊಡುತ್ತದೆ. ಕೀವರ್ಡ್ ಹಾಕಿ ಹುಡುಕುವಾಗ ಪ್ರೊಫೈಲಿನ ಬೇರೆ ಭಾಗದ ಪದಗಳೂ ಲೆಕ್ಕಕ್ಕೆ ಬರುತ್ತವೆ. ಈಗಿನ ಹುದ್ದೆ ಖಾಲಿ ಇದ್ದರೂ ಹೆಡ್‌ಲೈನ್‌ನಲ್ಲಿ ಕೆಲಸದ ಹೆಸರು ಇರಲೇಬೇಕು ಅನ್ನುವುದು ಇದಕ್ಕೇ.

ಇನ್ನೊಂದು ಸಣ್ಣ ವಿಷಯ: ತಾರೀಕು ಬದಲಿಸುವಾಗ ಮೇಲೆ ನೆಟ್‌ವರ್ಕಿಗೆ ತಿಳಿಸಬೇಕಾ ಅಂತ ಒಂದು ಸ್ವಿಚ್ ಕಾಣುತ್ತದೆ. ಮೊದಲು ಅದನ್ನು ಆಫ್ ಮಾಡಿಕೊಳ್ಳಿ.

ಹಸಿರು ಉಂಗುರ ಹಾಕಿಕೊಳ್ಳಬೇಕಾ? ಊರಲ್ಲೆಲ್ಲ ಗೊತ್ತಾಗುತ್ತೆ.

ಇದನ್ನು ಬೆಂಗಳೂರಿನವರಿಗಿಂತ ನಮ್ಮ ಕಡೆಯವರು ಜಾಸ್ತಿ ಕೇಳುತ್ತಾರೆ, ಕಾರಣ ನನಗೂ ಗೊತ್ತು. ನಮ್ಮ ಹುಡುಗಿ ಮೊದಲ ಮೂರು ವಾರ ಅಪ್ಪನಿಗೆ ಹೇಳಿರಲಿಲ್ಲ, ವರ್ಕ್ ಫ್ರಂ ಹೋಮ್ ಅಂತಲೇ ತೋಟದ ಮನೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಫೋಟೋ ಸುತ್ತ ಹಸಿರು ಪಟ್ಟಿ ಬಂದರೆ ಸಂಜೆಯೊಳಗೆ ಯಾರೋ ಒಬ್ಬ ದೊಡ್ಡಪ್ಪನ ಮಗ ಮನೆಗೆ ಫೋನ್ ಮಾಡಿರುತ್ತಾನೆ.

ಆದರೆ ಓಪನ್ ಟು ವರ್ಕ್ ಅನ್ನುವುದಕ್ಕೂ ಹಸಿರು ಉಂಗುರಕ್ಕೂ ವ್ಯತ್ಯಾಸ ಇದೆ. ಓಪನ್ ಟು ವರ್ಕ್ ಆನ್ ಮಾಡಿದಾಗ ಯಾರಿಗೆ ಕಾಣಬೇಕು ಅಂತ ಎರಡು ಆಯ್ಕೆ ಕೊಡುತ್ತಾರೆ. ಒಂದು, ಎಲ್ಲರಿಗೂ. ಆಗ ಉಂಗುರ ಬರುತ್ತದೆ. ಇನ್ನೊಂದು, ರಿಕ್ರೂಟರ್‌ಗಳಿಗೆ ಮಾತ್ರ. ಆಗ ಫೋಟೋದಲ್ಲಿ ಏನೂ ಕಾಣುವುದಿಲ್ಲ, ಲಿಂಕ್ಡ್‌ಇನ್‌ನ ದುಡ್ಡು ಕೊಟ್ಟ ರಿಕ್ರೂಟರ್ ಟೂಲ್ ಬಳಸುವ ನಮ್ಮಂಥವರಿಗೆ ಮಾತ್ರ ಗೊತ್ತಾಗುತ್ತದೆ. ಇವರು ಕೆಲಸಕ್ಕೆ ತಯಾರಿದ್ದಾರೆ ಅಂತ ನಮಗೆ ಬೇರೆಯಾಗಿ ಸೋಸಿ ತೋರಿಸುತ್ತದೆ, ನಾನು ದಿನವೂ ಮೊದಲು ನೋಡುವುದು ಆ ಸಾಲನ್ನೇ, ಏಕೆಂದರೆ ಅವರು ಉತ್ತರ ಕೊಡುತ್ತಾರೆ.

ಹಾಗಾಗಿ ಎರಡನೆಯದನ್ನಂತೂ ಲೇಆಫ್ ಸುದ್ದಿ ಬಂದ ದಿನವೇ ಆನ್ ಮಾಡಿ. ಈಗಿನ ಕಂಪನಿಯ ರಿಕ್ರೂಟರ್‌ಗಳಿಂದ ಅದನ್ನು ಮರೆಮಾಡುವ ಪ್ರಯತ್ನ ಲಿಂಕ್ಡ್‌ಇನ್ ಮಾಡುತ್ತದೆ, ಪೂರ್ತಿ ಗ್ಯಾರಂಟಿ ಮಾತ್ರ ಕೊಡುವುದಿಲ್ಲ. ಕೆಲಸ ಹೋಗಿಯೇ ಇದೆ ಅಂದಮೇಲೆ ಅದರ ಚಿಂತೆ ಯಾಕೆ. ಅಲ್ಲೇ ಐದು ಕೆಲಸದ ಹೆಸರು ಹಾಕಲು ಜಾಗ ಇದೆ, ಐದನ್ನೂ ಬಳಸಿ. ಒಂದೇ ಕೆಲಸಕ್ಕೆ ಒಂದು ಕಂಪನಿ ಟೆಸ್ಟ್ ಇಂಜಿನಿಯರ್ ಅನ್ನುತ್ತದೆ, ಇನ್ನೊಂದು ಕ್ಯೂಎ ಇಂಜಿನಿಯರ್, ಮತ್ತೊಂದು ಎಸ್‌ಡಿಇಟಿ. ಹೆಡ್‌ಲೈನ್‌ನಲ್ಲಿ ಮೂರನ್ನೂ ತುರುಕಿದರೆ ಅಂಗಡಿ ಬೋರ್ಡ್ ತರ ಕಾಣುತ್ತದೆ, ಇಲ್ಲಿ ಹಾಕಿದರೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ. ಯಾವಾಗ ಸೇರುತ್ತೀರಿ ಅನ್ನುವ ಕಡೆ ತಕ್ಷಣ ಅಂತ ಆರಿಸಿ.

ಉಂಗುರ ಹಾಕಿದರೆ ಬೆಲೆ ಕಮ್ಮಿ ಆಗುತ್ತೆ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಹಳೇ ಸಹೋದ್ಯೋಗಿಗಳು ಉಂಗುರ ನೋಡಿ "ನಮ್ಮಲ್ಲಿ ಒಂದು ಖಾಲಿ ಇದೆ" ಅಂತ ಮೆಸೇಜ್ ಮಾಡುವುದುಂಟು, ಅವರಿಗೆ ರಿಕ್ರೂಟರ್ ಟೂಲ್ ಇರುವುದಿಲ್ಲವಲ್ಲ. ನಮ್ಮ ಹುಡುಗಿ ಅಪ್ಪನಿಗೆ ಹೇಳಿದ ಮರುದಿನ ಉಂಗುರ ಹಾಕಿಕೊಂಡಳು. ಅಪ್ಪ, ಪಾಪ, "ಕಾಫಿ ರೇಟ್ ಬಿದ್ದಾಗ ನಾನೇನು ತೋಟ ಬಿಟ್ಟು ಹೋದೆನಾ" ಅಂದು ಸುಮ್ಮನಾದರಂತೆ.

ಸಮ್ಮರಿಯಲ್ಲಿ ಲೇಆಫ್ ಬಗ್ಗೆ ಎಲ್ಲಿ ಬರೆಯಬೇಕು, ಎಷ್ಟು ಬರೆಯಬೇಕು?

ಎರಡನೇ ಪ್ಯಾರಾದಲ್ಲಿ, ಒಂದೇ ವಾಕ್ಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ.

ಸಮ್ಮರಿ ಬರೆಯುವ ಅಬೌಟ್ ಅನ್ನುವ ಭಾಗದಲ್ಲಿ 2,600 ಅಕ್ಷರ ಹಿಡಿಸುತ್ತದೆ, ಆದರೆ ಪ್ರೊಫೈಲ್ ತೆರೆದಾಗ ಮೊದಲ ಕೆಲವು ಸಾಲು ಮಾತ್ರ ಕಂಡು ಉಳಿದದ್ದು ಮಡಚಿಕೊಂಡಿರುತ್ತದೆ. ಆ ಮೊದಲ ಸಾಲುಗಳು ಕೆಲಸದ ಬಗ್ಗೆಯೇ ಇರಬೇಕು. ನಮ್ಮ ಹುಡುಗಿಯ ಮೊದಲ ಕರಡು "ಐದು ವರ್ಷದ ಪ್ರಯಾಣ ಇವತ್ತು ಮುಗಿಯಿತು, ಭಾರವಾದ ಹೃದಯದಿಂದ" ಅಂತ ಶುರುವಾಗಿ, ಮ್ಯಾನೇಜರ್‌ಗೆ ಥ್ಯಾಂಕ್ಸ್, ಟೀಮ್‌ಗೆ ಥ್ಯಾಂಕ್ಸ್, ಆಮೇಲೆ ಎಚ್‌ಆರ್ ಹೇಗೆ ಹನ್ನೊಂದು ನಿಮಿಷದ ಕಾಲ್‌ನಲ್ಲಿ ಎಲ್ಲ ಮುಗಿಸಿದರು ಅನ್ನುವವರೆಗೆ ಹೋಗಿತ್ತು. ಓದಿ ನನಗೆ ಹೊಟ್ಟೆ ಉರಿಯಿತು, ಆದರೆ ಟೆಸ್ಟಿಂಗ್ ಅನ್ನುವ ಪದ ಬಂದಿದ್ದು ಒಂಬತ್ತನೇ ಸಾಲಿನಲ್ಲಿ. ಅಂಥದ್ದನ್ನು ಪೋಸ್ಟ್ ಮಾಡುವುದಾದರೆ ಒಂದು ದಿನ ಬಿಟ್ಟು ಪೋಸ್ಟ್ ಮಾಡಿ, ನಾಲ್ಕು ದಿನದಲ್ಲಿ ಕೆಳಗೆ ಹೋಗುತ್ತದೆ. ಅಬೌಟ್‌ನಲ್ಲಿ ಬರೆದರೆ ಮುಂದಿನ ಆರು ತಿಂಗಳು ಬಂದವರೆಲ್ಲ ಅದನ್ನೇ ಓದುತ್ತಾರೆ.

ಕೊನೆಗೆ ಶುರುವಿನ ಎರಡು ಪ್ಯಾರಾ ಹೀಗಾಯಿತು:

```
I test payment systems: checkout, refunds, settlement files.
Five years with Selenium, Java and REST APIs, the last two
leading a team of four.

My role ended in June when the company closed the product
I worked on. I can join right away, in Bengaluru or remote.
```

ಎರಡನೇ ಪ್ಯಾರಾದಲ್ಲಿ ಏನೇನಿದೆ ನೋಡಿ. ಯಾವಾಗ, ಯಾಕೆ, ಈಗ ಏನು ಮಾಡಬಲ್ಲೆ. ಬೈಗುಳ ಇಲ್ಲ, ಕ್ಷಮೆ ಇಲ್ಲ, "ದುರದೃಷ್ಟವಶಾತ್" ಇಲ್ಲ. "ಪ್ರಾಡಕ್ಟೇ ನಿಂತಿತು" ಅನ್ನುವ ಒಂದು ಮಾತು ನನ್ನ ಮುಂದಿನ ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತದೆ, ಏಕೆಂದರೆ ಗ್ಯಾಪ್ ನೋಡಿದ ಕೂಡಲೇ ಹೈರಿಂಗ್ ಮ್ಯಾನೇಜರ್ ನನ್ನನ್ನು ಕೇಳುವುದು "ಇವರನ್ನು ಯಾಕೆ ಬಿಟ್ಟರು" ಅಂತಲೇ. ಉತ್ತರ ನಿಮ್ಮ ಮಾತಿನಲ್ಲೇ ಬರೆದಿದ್ದರೆ ನಾನು ಊಹೆ ಮಾಡಬೇಕಾಗಿಲ್ಲ. ಕೆಳಗಿನ ಪ್ಯಾರಾಗಳಲ್ಲಿ ಅವಳು ಮಾಡಿದ ಎರಡು ಕೆಲಸದ ವಿವರ ಬರೆದಳು, ಅಷ್ಟು ಸಾಕು.

ಸಹಿ ಹಾಕುವ ಮೊದಲು ಸೆಪರೇಶನ್ ಅಗ್ರಿಮೆಂಟ್ ಓದಿದ್ದೀರಾ? ಕಂಪನಿ ಬಗ್ಗೆ ಕೆಟ್ಟದಾಗಿ ಮಾತಾಡಬಾರದು, ಒಳಗಿನ ಮಾಹಿತಿ ಹೊರಗೆ ಹಾಕಬಾರದು ಅನ್ನುವ ಷರತ್ತು ಎಷ್ಟೋ ಕಡೆ ಇರುತ್ತದೆ. ಎಷ್ಟು ಜನರನ್ನು ತೆಗೆದರು, ಯಾವ ಕ್ಲೈಂಟ್ ಹೋದರು ಅನ್ನುವುದೆಲ್ಲ ಅಬೌಟ್‌ನಲ್ಲಿ ಬೇಡ. ಕಂಪನಿಯೇ ಹೊರಗೆ ಹೇಳಿದ್ದರೆ ಮಾತ್ರ ಸರಿ.

ಟೀಮ್ ಮುಚ್ಚಲಿಲ್ಲ, ಟೀಮ್‌ನಲ್ಲಿ ನನ್ನನ್ನೂ ಇನ್ನಿಬ್ಬರನ್ನೂ ಮಾತ್ರ ತೆಗೆದರು. ಆಗ?

ಆಗ ಪ್ರಾಡಕ್ಟ್ ಮುಚ್ಚಿತು ಅಂತ ಬರೆಯಬೇಡಿ, ಒಂದು ಫೋನ್ ಕಾಲ್‌ನಲ್ಲಿ ಗೊತ್ತಾಗುತ್ತದೆ. "ಜೂನ್‌ನಲ್ಲಿ ಕಂಪನಿ ಹುದ್ದೆಗಳನ್ನು ಕಡಿಮೆ ಮಾಡಿದಾಗ ನನ್ನ ಹುದ್ದೆಯೂ ಹೋಯಿತು" ಅನ್ನುವ ಅರ್ಥದ ಒಂದು ಸಾಲು ಸಾಕು, ಅದೂ ನಿಜವೇ. ನಿಮ್ಮನ್ನೇ ಯಾಕೆ ಆರಿಸಿದರು ಅನ್ನುವುದಕ್ಕೆ ಬರಹದಲ್ಲಿ ಉತ್ತರ ಕೊಡಲು ಹೋಗಬೇಡಿ, ಸಮಜಾಯಿಷಿ ಉದ್ದ ಆದಷ್ಟೂ ಅನುಮಾನ ಬೆಳೆಯುತ್ತದೆ. ಅಲ್ಲೇ ಹಳೇ ಮ್ಯಾನೇಜರ್ ಹತ್ತಿರ ಒಂದು ರೆಕಮೆಂಡೇಶನ್ ಬರೆಸಿಕೊಂಡರೆ ನಿಮ್ಮ ಹತ್ತು ಸಾಲಿಗಿಂತ ಮೇಲು.

ನಾನು ಈಗ ಊರಲ್ಲಿದ್ದೇನೆ. ಲೊಕೇಶನ್ ಚಿಕ್ಕಮಗಳೂರು ಅಂತ ಹಾಕಲಾ, ಬೆಂಗಳೂರು ಅಂತಲಾ?

ಪಿಜಿ ಖಾಲಿ ಮಾಡಿ ಊರಿಗೆ ಬಂದ ವಾರವೇ ನಮ್ಮ ಹುಡುಗಿ ಲೊಕೇಶನ್ ಚಿಕ್ಕಮಗಳೂರು ಅಂತ ಬದಲಿಸಿದಳು. ಪ್ರಾಮಾಣಿಕತೆ ಅಂತೆ. ಮುಂದಿನ ವಾರ ಎಷ್ಟು ಸರ್ಚ್‌ನಲ್ಲಿ ಕಾಣಿಸಿಕೊಂಡೆ ಅನ್ನುವ ಲೆಕ್ಕ ನೋಡಿದರೆ ಅರ್ಧಕ್ಕಿಂತ ಕೆಳಗೆ. ರಿಕ್ರೂಟರ್ ಬೆಂಗಳೂರು ಅಂತ ಫಿಲ್ಟರ್ ಹಾಕಿದರೆ ಚಿಕ್ಕಮಗಳೂರು ಅದರೊಳಗೆ ಬರುವುದಿಲ್ಲ, ಹಾಸನವೂ ಬರುವುದಿಲ್ಲ. ಬೇರೆ ಊರಿನಿಂದ ಬರಲು ತಯಾರಿರುವವರನ್ನೂ ಸೇರಿಸು ಅಂತ ಕೇಳಬಹುದು, ನಾನು ಕೇಳುತ್ತೇನೆ, ಎಲ್ಲರೂ ಕೇಳುವುದಿಲ್ಲ.

ನನ್ನ ಅಭಿಪ್ರಾಯ ಇದು: ಕೆಲಸ ಸಿಕ್ಕರೆ ಬೆಂಗಳೂರಿನಲ್ಲೇ ಇರುತ್ತೀರಿ, ಇಂಟರ್‌ವ್ಯೂಗೆ ಹೇಳಿದ ದಿನ ಹೋಗಬಲ್ಲಿರಿ ಅಂತಾದರೆ ಬೆಂಗಳೂರು ಅಂತಲೇ ಇಡಿ. ಚಿಕ್ಕಮಗಳೂರಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಾಗ ಮೆಜೆಸ್ಟಿಕ್. ಮೊದಲ ಫೋನ್‌ನಲ್ಲೇ "ಸದ್ಯ ಊರಲ್ಲಿದ್ದೇನೆ, ಒಂದು ವಾರದಲ್ಲಿ ಬರುತ್ತೇನೆ" ಅಂತ ಹೇಳಿಬಿಡಿ. ಊರು ಬಿಡುವುದೇ ಇಲ್ಲ, ರಿಮೋಟ್ ಮಾತ್ರ ಅನ್ನುವವರು ಊರಿನ ಹೆಸರೇ ಹಾಕಿ. ಆಗ ಕರೆ ಕಡಿಮೆ ಬರುತ್ತವೆ, ಬಂದವು ಕೆಲಸಕ್ಕೆ ಬರುತ್ತವೆ. ತೋಟದ ಮನೆಯಲ್ಲಿ ಮಳೆಗಾಲದ ಕರೆಂಟ್ ನಂಬಿ ವಿಡಿಯೋ ಇಂಟರ್‌ವ್ಯೂ ಇಟ್ಟುಕೊಳ್ಳಬೇಡಿ ಅನ್ನುವುದು ಈ ಪ್ರಶ್ನೆಗೆ ಸಂಬಂಧ ಇಲ್ಲದ ಮಾತು, ಆದರೂ ಹೇಳಿದ್ದೇನೆ.

ನೌಕ್ರಿ ಡಾಟ್ ಕಾಮ್‌ನಲ್ಲೂ ಇದೇನಾ?

ಹೆಡ್‌ಲೈನ್ ಅದೇ. ಅಲ್ಲಿ ಜಾಸ್ತಿ ಮುಖ್ಯವಾದದ್ದು ನೋಟಿಸ್ ಪಿರಿಯಡ್ ಅನ್ನುವ ಕಾಲಂ. ಹಳೇ ಕೆಲಸದಲ್ಲಿದ್ದಾಗ "3 Months" ಅಂತ ಹಾಕಿದ್ದು ಎಷ್ಟೋ ಜನರದ್ದು ಹಾಗೇ ಉಳಿದಿರುತ್ತದೆ, ನಾವು ಬೇಗ ಸೇರುವವರು ಬೇಕು ಅಂತ ಸೋಸಿದಾಗ ಇವರು ಬರುವುದೇ ಇಲ್ಲ. ಕೊನೆಯ ದಿನ ಆಗಿಲ್ಲದಿದ್ದರೆ "Serving Notice Period", ಆಗಿದ್ದರೆ "15 Days or less". ಇತ್ತೀಚೆಗೆ ಯಾರು ಆಕ್ಟಿವ್ ಇದ್ದಾರೆ ಅಂತಲೂ ನಾವು ಸೋಸುತ್ತೇವೆ, ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಲಾಗಿನ್ ಆಗಿ.

ಗ್ಯಾಪ್ ಕಾಣಬಾರದು ಅಂತ ಫ್ರೀಲಾನ್ಸ್ ಕನ್ಸಲ್ಟೆಂಟ್ ಅಂತ ಹಾಕಬಹುದಾ?

ನಿಜವಾಗಿ ದುಡ್ಡು ತೆಗೆದುಕೊಂಡು ಯಾರಿಗಾದರೂ ಕೆಲಸ ಮಾಡಿಕೊಟ್ಟಿದ್ದರೆ ಹಾಕಿ. ಇಲ್ಲದಿದ್ದರೆ "ಯಾವ ಕ್ಲೈಂಟ್" ಅನ್ನುವ ಎರಡನೇ ಪ್ರಶ್ನೆಗೇ ಬಾಯಿ ಕಟ್ಟುತ್ತದೆ. ಲಿಂಕ್ಡ್‌ಇನ್‌ನಲ್ಲಿ 2022ರಿಂದ ಕರಿಯರ್ ಬ್ರೇಕ್ ಅಂತಲೇ ಒಂದು ಭಾಗ ಇದೆ, ಕಾರಣಗಳ ಪಟ್ಟಿಯಲ್ಲಿ ಲೇಆಫ್ ಅನ್ನುವುದೂ ಇದೆ. ಎರಡು ಮೂರು ತಿಂಗಳ ಗ್ಯಾಪಿಗೆ ಅದೂ ಬೇಕಾಗಿಲ್ಲ. ಆರು ತಿಂಗಳು ದಾಟಿದರೆ ಹಾಕಿ, ಆ ಸಮಯದಲ್ಲಿ ಕಲಿತದ್ದನ್ನು ಅಲ್ಲಿ ಬರೆಯಿರಿ.

ಎಲ್ಲ ಬದಲಿಸಿ ತಿಂಗಳಾಯಿತು, ಯಾರೂ ಕರೆಯುತ್ತಿಲ್ಲ. ತಪ್ಪು ಎಲ್ಲಿದೆ ಅಂತ ಹೇಗೆ ತಿಳಿಯುವುದು?

ಪ್ರೊಫೈಲಿನಲ್ಲಿ ಅನಾಲಿಟಿಕ್ಸ್ ಅನ್ನುವ ಭಾಗದಲ್ಲಿ ಎರಡು ಅಂಕಿ ಇರುತ್ತದೆ. ಎಷ್ಟು ಸಲ ಸರ್ಚ್‌ನಲ್ಲಿ ಕಾಣಿಸಿದಿರಿ, ಎಷ್ಟು ಜನ ಪ್ರೊಫೈಲ್ ತೆರೆದರು. ವಾರಕ್ಕೊಮ್ಮೆ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಸರ್ಚ್‌ನಲ್ಲೇ ಕಾಣುತ್ತಿಲ್ಲ ಅಂದರೆ ತಪ್ಪು ಪದಗಳಲ್ಲಿದೆ, ಇಲ್ಲವೇ ಲೊಕೇಶನ್‌ನಲ್ಲಿದೆ. ನಿಮಗೆ ಇಷ್ಟವಾದ ಐದು ಕೆಲಸದ ಜಾಹೀರಾತು ತೆಗೆದು, ಅವುಗಳಲ್ಲಿ ಮತ್ತೆ ಮತ್ತೆ ಬರುವ ಕೆಲಸದ ಹೆಸರು, ಟೂಲು ನಿಮ್ಮ ಪ್ರೊಫೈಲಿನಲ್ಲಿ ಅದೇ ಕಾಗುಣಿತದಲ್ಲಿ ಇದೆಯಾ ನೋಡಿ. ಸರ್ಚ್‌ನಲ್ಲಿ ಕಾಣುತ್ತಿದ್ದೀರಿ, ಆದರೆ ಯಾರೂ ಒಳಗೆ ಬರುತ್ತಿಲ್ಲ ಅಂದರೆ ಹೆಡ್‌ಲೈನ್‌ನದ್ದೇ ತಪ್ಪು, ಫೋಟೋದ್ದೂ ಇರಬಹುದು. ಒಳಗೆ ಬಂದು ನೋಡಿ ಸುಮ್ನೆ ಹೋಗುತ್ತಿದ್ದಾರೆ ಅಂದರೆ ಅಬೌಟ್ ಮತ್ತು ಅನುಭವದ ಭಾಗ ಸರಿಮಾಡಿ. ಒಂದು ವಾರಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಇನ್ನೊಂದು, ಮಾರುಕಟ್ಟೆಯಲ್ಲಿ ಕೆಲಸವೇ ಇಲ್ಲದ ತಿಂಗಳಿನಲ್ಲಿ ಎಂಥ ಹೆಡ್‌ಲೈನ್ ಹಾಕಿದರೂ ಫೋನ್ ಬರುವುದಿಲ್ಲ, ಆಗ ಹಳೇ ಸಹೋದ್ಯೋಗಿಗಳಿಗೆ ನೇರವಾಗಿ ಮೆಸೇಜ್ ಮಾಡುವುದೇ ದಾರಿ.

ಆಫರ್ ಬಂತು. ಇದನ್ನೆಲ್ಲ ಯಾವಾಗ ತೆಗೆಯಬೇಕು?

ಆಫರ್ ಲೆಟರ್ ಬಂದಾಗ ಅಲ್ಲ, ಕೆಲಸಕ್ಕೆ ಸೇರಿದ ಮೇಲೆ. ನಮ್ಮ ಹುಡುಗಿಗೆ ಸೆಪ್ಟೆಂಬರ್ ಎರಡನೇ ವಾರ ಒಂದು ಆಫರ್ ಬಂತು, ಖುಷಿಯಲ್ಲಿ ಅವತ್ತೇ ಉಂಗುರ ತೆಗೆದು ಹೊಸ ಕಂಪನಿ ಹೆಸರು ಹಾಕಲು ಹೊರಟಿದ್ದಳು. ತಡಿ ಅಂದೆ. ಸೇರುವ ತಾರೀಕನ್ನು ಅವರು ಎರಡು ಸಲ ಮುಂದಕ್ಕೆ ಹಾಕಿದರು, ಆ ಮಧ್ಯೆ ಹೆಡ್‌ಲೈನ್ ನೋಡಿ ಇನ್ನೊಬ್ಬರು ಕರೆದರು. ಈಗ ಅವಳು ಇರುವುದು ಆ ಎರಡನೆಯವರ ಹತ್ತಿರ. ಐಡಿ ಕಾರ್ಡ್ ಕೈಗೆ ಬಂದ ಸಂಜೆ ಉಂಗುರ ತೆಗೆದಳು, ಅಬೌಟ್‌ನ ಎರಡನೇ ಪ್ಯಾರಾವನ್ನೂ ಅಳಿಸಿದಳು.